ಐದು ಸಾಲಿನ ವಿಳಾಸ, ಒಂದು ಸಾಲಿಗೆ

ತಮ್ಮನ ಮದುವೆಯ ಆಮಂತ್ರಣಕ್ಕೆಂದು ಅಪ್ಪ ತಮ್ಮ ಹಳೆಯ ಡೈರಿಯಲ್ಲಿದ್ದ ವಿಳಾಸಗಳನ್ನೆಲ್ಲ ಒಂದು ವಾರ ಕೂತು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದರು. ಲಕೋಟೆಯ ಮೇಲೆ ಬರೆಯುವಂತೆಯೇ, ಒಂದರ ಕೆಳಗೊಂದು: ಹೆಸರು, ಮನೆ ನಂಬರು, ಬೀದಿ, ಊರು ಮತ್ತು ಪಿನ್‌ಕೋಡ್, ಕೊನೆಗೆ ಫೋನು. ಒಬ್ಬೊಬ್ಬರಿಗೆ ಐದೈದು ಸಾಲು. ಡೈರಿಯ ಪ್ರಕಾರ 312 ಜನ.

ಓದುವುದಕ್ಕೇನೋ ಚೆಂದ. ಆದರೆ ಲೇಬಲ್ ಮುದ್ರಿಸುವ ಮೇಲ್ ಮರ್ಜ್‌ಗೆ ಇದು ಅರ್ಥವಾಗುವುದಿಲ್ಲ. ಅದಕ್ಕೆ ಒಬ್ಬರಿಗೆ ಒಂದೇ ಅಡ್ಡಸಾಲು ಇರಬೇಕು, ಹೆಸರೆಲ್ಲ ಒಂದು ಕಾಲಂನಲ್ಲಿ, ಊರೆಲ್ಲ ಇನ್ನೊಂದರಲ್ಲಿ. ಕಾಪಿ ಮಾಡಿ ಒಂದೊಂದೇ ಅಂಟಿಸುತ್ತಾ ಹೋದರೆ ಸಾವಿರದೈನೂರು ಸಲ ಆಗುತ್ತದೆ. ಹಾಗೆ ಮಾಡಿದವರನ್ನು ನೋಡಿದ್ದೇನೆ, ಪಾಪ.

ಇದರ ಗುಟ್ಟು ಬರೀ ಮಗ್ಗಿ. ಐದೈದು ಸಾಲಿನ ಲೆಕ್ಕ ತಪ್ಪದಿದ್ದರೆ ಯಾರ ಹೆಸರು ಎಷ್ಟನೇ ಸಾಲಿನಲ್ಲಿದೆ ಎಂದು ಬಾಯಲ್ಲೇ ಹೇಳಬಹುದು. 47ನೆಯವರ ಮುಂದೆ 46 ಜನ ಇದ್ದಾರೆ. 46 ಐದಲಿ 230. ಹಾಗಾದರೆ ಅವರ ಹೆಸರು 231ನೇ ಸಾಲು, ಫೋನು 235ನೇ ಸಾಲು. ಈ ಲೆಕ್ಕವನ್ನೇ ಎಕ್ಸೆಲ್‌ಗೆ ಹೇಳಿಕೊಟ್ಟರೆ ಮುಗಿಯಿತು. ಪಟ್ಟಿ A ಕಾಲಂನ ಮೊದಲ ಸೆಲ್‌ನಿಂದ ಶುರುವಾಗಿರಲಿ. C1ರಲ್ಲಿ ಹೀಗೆ ಬರೆಯಿರಿ:

```
=INDEX($A:$A,(ROW()-1)*5+COLUMN()-2)
```

ಇದನ್ನು G1ರವರೆಗೆ ಬಲಕ್ಕೆ ಎಳೆದು, ಆಮೇಲೆ ಐದನ್ನೂ ಒಟ್ಟಿಗೆ 312ನೇ ಸಾಲಿನವರೆಗೆ ಕೆಳಕ್ಕೆ ಎಳೆಯಿರಿ. C ಮೂರನೆಯ ಕಾಲಂ ಆದ್ದರಿಂದ 2 ಕಳೆದಿದ್ದೇವೆ. ಇಬ್ಬರ ನಡುವೆ ಒಂದು ಖಾಲಿ ಸಾಲು ಬಿಟ್ಟಿದ್ದರೆ 5 ಇದ್ದಲ್ಲಿ 6 ಹಾಕಿ, ಅಷ್ಟೇ. ಎಕ್ಸೆಲ್ 365 ಅಥವಾ ಗೂಗಲ್ ಶೀಟ್ಸ್ ಇರುವವರಿಗೆ `=WRAPROWS(A1:A1560,5)` ಎಂಬ ಒಂದೇ ಫಾರ್ಮುಲಾ ಸಾಕು.

ಎಳೆದೆ. ಮೇಲಿನ ನೂರು ಸಾಲು ಮುತ್ತು ಪೋಣಿಸಿದಂತಿತ್ತು. ಕೆಳಕ್ಕೆ ಹೋಗಿ ನೋಡಿದರೆ ಹೆಸರಿನ ಕಾಲಂನಲ್ಲಿ ಬೀದಿಗಳು ನಿಂತಿದ್ದವು.

`=COUNTA(A:A)` ಹಾಕಿ ಎಣಿಸಿದೆ. 1560 ಬರಬೇಕಿದ್ದಲ್ಲಿ 1558 ಬಂತು. ಎರಡು ಸಾಲು ಕಡಿಮೆ, ಅಂದರೆ ಎರಡೇ ತಪ್ಪು ಎಂದುಕೊಂಡೆ. ನಿಜವಾಗಿ ಇದ್ದದ್ದು ನಾಲ್ಕು: ಮೂವರಿಗೆ ಫೋನ್ ಸಾಲೇ ಇರಲಿಲ್ಲ, ಒಬ್ಬರಿಗೆ ಎರಡು ಫೋನುಗಳಿದ್ದವು. ಕೂಡಿ ಕಳೆದರೆ ಎರಡು. ಒಟ್ಟು ಲೆಕ್ಕ ಸರಿಹೋದರೂ ನಡುವೆ ಪಟ್ಟಿ ಜಾರಿರಬಹುದು.

ಜಾರಿದ ಜಾಗ ಹಿಡಿಯಲು ಫೋನ್ ಕಾಲಂ ಒಳ್ಳೆಯ ಕಾವಲುಗಾರ. H1ರಲ್ಲಿ ಇದನ್ನು ಹಾಕಿ ಕೆಳಕ್ಕೆ ಎಳೆದೆ:

```
=OR(AND(ISNUMBER(G1),LEN(G1)=10),G1="-")
```

ಮೊದಲ `FALSE` ಬಂದದ್ದು 118ನೇ ಸಾಲಿನಲ್ಲಿ. ಅಲ್ಲಿ ಫೋನ್ ಇರಬೇಕಾದ ಕಡೆ ಮುಂದಿನವರ ಹೆಸರು ಕೂತಿತ್ತು. ಅಪ್ಪನನ್ನು ಕೇಳಿದರೆ, “ಅವರ ಮನೇಲಿ ಫೋನಿಲ್ಲ ಕಣೋ, ಏನಂತ ಬರೀಲಿ? ಬಿಟ್ಟೆ” ಎಂದರು. A ಕಾಲಂನ 590ನೇ ಜಾಗದಲ್ಲಿ ಒಂದು ಸೆಲ್ ಸೇರಿಸಿ, ಉಳಿದವನ್ನು ಕೆಳಕ್ಕೆ ತಳ್ಳಿ, ಒಂದು ಅಡ್ಡಗೆರೆ ಹಾಕಿದೆ. ಪೂರ್ತಿ ಅಡ್ಡಸಾಲನ್ನೇ ಸೇರಿಸಬಾರದು, ಜಾರಿದ ಜಾಗ 312ನೇ ಸಾಲಿನೊಳಗೇ ಇದ್ದರೆ ಬಲಗಡೆಯ ಫಾರ್ಮುಲಾಗಳ ನಡುವೆಯೂ ಖಾಲಿ ಬೀಳುತ್ತದೆ. ಖಾಲಿ ಸೆಲ್ ಬಿಟ್ಟರೂ ಆಗದು, ಅದು 0 ಎಂದು ಕಾಣಿಸುತ್ತದೆ. ಸೆಲ್ ಸೇರಿಸಿದ್ದೇ ತಡ, ಕೆಳಗಿನ `FALSE`ಗಳಲ್ಲಿ ಬಹಳಷ್ಟು ತಾವಾಗಿಯೇ ಸರಿಹೋದವು. ಹಾಗಾಗಿ ಯಾವಾಗಲೂ ಮೇಲಿನ ತಪ್ಪನ್ನೇ ಮೊದಲು ತಿದ್ದಬೇಕು.

ಎರಡು ಫೋನಿನವರು ಮಾತ್ರ ಆಟ ಆಡಿಸಿದರು. ಅವರಿದ್ದದ್ದು 205ನೇ ಸಾಲಿನಲ್ಲಿ, `FALSE` ಕಂಡದ್ದು 206ರಲ್ಲಿ. ಹೆಚ್ಚುವರಿ ಸಾಲು ಇದ್ದಾಗ ತಪ್ಪು ಒಂದು ಮೆಟ್ಟಿಲು ಕೆಳಗೆ ಕಾಣಿಸುತ್ತದೆ. 206ರ ಫೋನ್ ಸೆಲ್‌ನಲ್ಲಿ “ಗದಗ 582101” ಎಂದಿತ್ತು. ಎಣಿಸಿ ನೋಡಿ: ಮೂರು ಅಕ್ಷರ, ಒಂದು ಜಾಗ, ಆರು ಅಂಕಿ, ಸರಿಯಾಗಿ ಹತ್ತು! ಉದ್ದವೊಂದನ್ನೇ ಅಳೆದಿದ್ದರೆ ಗದಗ ಫೋನ್ ನಂಬರಿನ ವೇಷದಲ್ಲಿ ಪಾರಾಗುತ್ತಿತ್ತು. `ISNUMBER` ಸೇರಿಸಿದ್ದು ಇದಕ್ಕೇ.

ನಾಲ್ಕನ್ನೂ ತಿದ್ದಿದ ಮೇಲೆ 1560 ಬಂತು. ಊರಿನ ಪ್ರಕಾರ ಜೋಡಿಸುವ ಮೊದಲು C ಇಂದ G ತನಕ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಎಂದು ಅಂಟಿಸಿದೆ. ಇದನ್ನು ಮರೆತರೆ ಫಾರ್ಮುಲಾ ತಾನಿರುವ ಸಾಲನ್ನೇ ನೋಡಿ ಲೆಕ್ಕ ಹಾಕುವುದರಿಂದ ಪಟ್ಟಿ ಜೋಡಣೆಯಾಗುವುದೇ ಇಲ್ಲ. A ಕಾಲಂ ಅಳಿಸಿದರಂತೂ ಎಲ್ಲವೂ ಕೆಟ್ಟಂತೆ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಪಟ್ಟಿ ಟೈಪ್ ಮಾಡುತ್ತಿದ್ದರೆ ಈಗಲೇ ಹೇಳಿಬಿಡಿ: ಫೋನ್ ಇಲ್ಲದವರಿಗೆ ಆ ಸಾಲು ಬಿಡಬೇಡಿ, ಒಂದು ಅಡ್ಡಗೆರೆ ಹಾಕಿ.