ಕಾಲುವೆ ಅಗೆಯೋಕೆ ಎಷ್ಟು ಹೊತ್ತು ಬೇಕು? ಉದ್ಯೋಗ ಖಾತ್ರಿ ಕೂಲಿ, ಮೊಬೈಲ್ ಹಾಜರಿ ಮತ್ತು ಯಾರೂ ಬರೆದಿಡದ ಲೆಕ್ಕ

ತುರುವೇಕೆರೆ ತಾಲ್ಲೂಕಿನ ಒಂದು ಊರಲ್ಲಿ, ತೆಂಗಿನ ತೋಟದ ಅಂಚಿಗೆ ಹಾದುಹೋಗುವ ಕೆರೆ ಕಾಲುವೆಯ ಹೂಳೆತ್ತುವ ಕೆಲಸ ನಡೆದಿತ್ತು. ಅಲ್ಲಿ ಒಬ್ಬ ಅಕ್ಕ ನನಗೆ ಹೇಳಿದ ಮಾತು ಇದು: "ಬೆಳಿಗ್ಗೆ ಏಳಕ್ಕೇ ಬಂದಿದ್ದೆ ಕಣಪ್ಪ. ಫೋಟೋ ಹಿಡಿಯೋ ಹೊತ್ತಿಗೆ ನೀರು ತರಕ್ಕೆ ಹೋಗಿದ್ದೆ. ನಿನ್ನ ಹಾಜರಿ ಬಿದ್ದಿಲ್ಲ ಅಂದ್ರು. ಅಗೆದಿರೋ ಕಾಲುವೆ ಕಣ್ಣ್ ಮುಂದೆನೇ ಐತೆ, ಅದನ್ನ ನೋಡಲ್ವಂತೆ, ಫೋನ್ ನೋಡ್ತಾರಂತೆ."

ಅಕ್ಕನ ಮಾತಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ಒಂದು, ಈ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋದು. ಇನ್ನೊಂದು, ಈ ಮನುಷ್ಯರು ಎಷ್ಟು ಹೊತ್ತು ಇಲ್ಲಿದ್ದರು ಅನ್ನೋದು. ಮೊದಲನೆಯದು ಕೆಲಸದ ಲೆಕ್ಕ, ಎರಡನೆಯದು ಕಾವಲಿನ ಲೆಕ್ಕ. ಎರಡಕ್ಕೂ ಗಡಿಯಾರ ಒಂದೇ ಆದ್ದರಿಂದ ನಾವು ಇವೆರಡನ್ನೂ ಸಲೀಸಾಗಿ ಬೆರೆಸಿಬಿಡುತ್ತೇವೆ. ಬೆರೆಸಿದಾಗ ನಷ್ಟ ಯಾರಿಗೆ ಅನ್ನೋದನ್ನ ಉದ್ಯೋಗ ಖಾತ್ರಿಯಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮ್ಮ ಸುತ್ತ ಇನ್ನೊಂದಿಲ್ಲ.

ಉದ್ಯೋಗ ಖಾತ್ರಿ ಅಂದರೆ ದಿನಗೂಲಿ ಅಂತ ತುಂಬ ಜನ ತಿಳಿದಿದ್ದಾರೆ. 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾದ ಕೂಲಿ ದಿನಕ್ಕೆ 370 ರೂಪಾಯಿ. ಆದರೆ ಮಣ್ಣಿನ ಕೆಲಸದಲ್ಲಿ ಸಾಮಾನ್ಯವಾಗಿ ದುಡ್ಡು ಬರೋದು ಅಳತೆಯ ಮೇಲೆ. ಎಂಜಿನಿಯರ್ ಬಂದು ಅಗೆದ ಗುಂಡಿಯ ಉದ್ದ, ಅಗಲ, ಆಳ ಅಳೆದು ಅಳತೆ ಪುಸ್ತಕದಲ್ಲಿ, ಅಂದರೆ ಎಂಬಿಯಲ್ಲಿ ಬರೆಯುತ್ತಾರೆ. ಒಂದು ಘನ ಮೀಟರ್‌ಗೆ ಇಷ್ಟು ಅನ್ನೋ ದರದಿಂದ ಗುಣಿಸಿ, ಗುಂಪಿನಲ್ಲಿ ಹಂಚುತ್ತಾರೆ.

ಹಾಗಾದರೆ ಆ ದರ ಎಲ್ಲಿಂದ ಬಂತು? ಇಲ್ಲೇ ಸಮಯದ ಲೆಕ್ಕ ಬರೋದು. ನರೇಗಾ ಕಾಯ್ದೆಯ ಒಂದನೇ ಅನುಸೂಚಿಯ ಪ್ರಕಾರ, ಒಂದು ಗಂಟೆ ವಿಶ್ರಾಂತಿಯೂ ಸೇರಿ ಎಂಟು ಗಂಟೆ ದುಡಿದ ವಯಸ್ಕರಿಗೆ ನಿಗದಿಯಾದ ಪೂರ್ತಿ ಕೂಲಿ ಸಿಗುವ ಹಾಗೆ ದರಪಟ್ಟಿ ಇರಬೇಕು. ಅದಕ್ಕಾಗಿ ಪ್ರತಿ ಕೆಲಸಕ್ಕೂ ಹಿಡಿಯುವ ಸಮಯ ಮತ್ತು ಶ್ರಮದ ಅಧ್ಯಯನ ಮಾಡಬೇಕು. ಹೆಂಗಸರು, ವಯಸ್ಸಾದವರು, ಅಂಗವಿಕಲರಿಗೆ ಬೇರೆ ದರ ಇರಬೇಕು ಅಂತಲೂ ಅದೇ ಅನುಸೂಚಿ ಹೇಳುತ್ತೆ. ಅಂದರೆ ಕಾಯ್ದೆಯಲ್ಲಿ ಗಡಿಯಾರ ಇರೋದು ಕೂಲಿಯವರನ್ನ ಕಾಯೋಕಲ್ಲ, ದರ ನ್ಯಾಯವಾಗಿದೆಯಾ ಅಂತ ಪರೀಕ್ಷೆ ಮಾಡೋಕೆ.

ಒಂದು ಲೆಕ್ಕ ಹಾಕಿ ನೋಡೋಣ. ಇಲ್ಲಿನ ಅಳತೆಗಳು ಲೆಕ್ಕ ಸುಲಭವಾಗಲಿ ಅಂತ ನಾನು ಇಟ್ಟುಕೊಂಡವು, ಸರ್ಕಾರದ ದರಪಟ್ಟಿಯವಲ್ಲ. ಮೆದು ಮಣ್ಣಿನಲ್ಲಿ ಒಬ್ಬರು ದಿನಕ್ಕೆ 2 ಘನ ಮೀಟರ್ ಅಗೆಯಬಹುದು ಅಂತ ಇಟ್ಟುಕೊಳ್ಳಿ. 370 ರೂಪಾಯಿ ಸಿಗಬೇಕಾದರೆ ದರ ಘನ ಮೀಟರ್‌ಗೆ 185 ಆಗಬೇಕು. ಕೆರೆಯೊಳಗಿನ ಹೂಳಿಗೆ ಇದು ಸರಿ ಅನ್ನೋಣ. ಅದೇ ಗುಂಪು ಕೆರೆಯಿಂದ ಮೇಲೆ, ಕಾಲುವೆ ಕಡೆಗೆ ಬಂತು. ಅಲ್ಲಿ ಗರಸು ನೆಲ. ಪಕ್ಕದ ತೋಟದ ತೆಂಗಿನ ಬೇರು ದಡದೊಳಗೆ ಹೆಣೆದುಕೊಂಡಿದೆ, ಮೇಲೆ ಮುಳ್ಳುಕಂಟಿ, ಬಿದ್ದ ಸೋಗೆ. ಬರೀ ಗುದ್ದಲಿ ಸಾಲದು, ಹಾರೆ, ಪಿಕಾಸಿ ಬೇಕು. ಅಷ್ಟೇ ಹೊತ್ತು ದುಡಿದರೂ ಒಬ್ಬರ ಪಾಲಿಗೆ 1.2 ಘನ ಮೀಟರ್ ಆಯಿತು. ಎಂಬಿಯಲ್ಲಿ 'ಸಾಧಾರಣ ಮಣ್ಣು' ಅಂತ ಬರೆದರೆ 185ರಂತೆ ಕೂಲಿ 222 ರೂಪಾಯಿ. ಒಂದು ದಿನಕ್ಕೆ 148 ರೂಪಾಯಿ ಹೋಯಿತು. ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಹಾಜರಿ ಹಾಕಲಿಲ್ಲ. ಮಣ್ಣಿನ ಹೆಸರು ತಪ್ಪಾಯಿತು, ಅಷ್ಟೇ.

ಇದನ್ನ ಸಾಬೀತು ಮಾಡೋದು ಹೇಗೆ? ಅಂದು ಗುಂಪಿನಲ್ಲಿ ಯಾರಾದರೂ ಒಂದು ನೋಟ್‌ಬುಕ್‌ನಲ್ಲಿ ಕೆಲಸವಾರು ಹೊತ್ತು ಬರೆದಿಟ್ಟಿದ್ದರೆ ಹೀಗಿರುತ್ತಿತ್ತು ಅಂದುಕೊಳ್ಳಿ. ಮುಳ್ಳುಕಂಟಿ, ಸೋಗೆ, ಬೇರು ತೆಗೆಯೋಕೆ 60 ನಿಮಿಷ. ಹಾರೆ ಹಾಕಿ ಮಣ್ಣು ಸಡಿಲ ಮಾಡೋಕೆ 190. ಬಾಂಡಲಿಗೆ ತುಂಬಿ ದಡಕ್ಕೆ ಎತ್ತಿ ಹಾಕೋಕೆ 110. ದಡ ತಟ್ಟಿ ಸಮ ಮಾಡೋಕೆ 30. ಫೋಟೋಗೆ, ನೆಟ್‌ವರ್ಕ್‌ಗೆ ಕಾಯೋಕೆ 30. ಒಟ್ಟು 420 ನಿಮಿಷ, ಪೂರ್ತಿ ಏಳು ಗಂಟೆ.

ಈ ಐದು ಸಾಲು ನೋಡಿದ ತಕ್ಷಣ ಎರಡು ವಿಷಯ ಗೊತ್ತಾಗುತ್ತೆ. ಮೊದಲನೆಯದು, ಅತಿ ಹೆಚ್ಚು ಹೊತ್ತು ಹೋಗಿರೋದು ಮಣ್ಣು ಸಡಿಲ ಮಾಡೋಕೆ. ಇದು ಸೋಮಾರಿತನ ಅಲ್ಲ, ಗಟ್ಟಿ ನೆಲದ ಗುರುತು. ಈ ನೆಲಕ್ಕೆ ನ್ಯಾಯವಾದ ದರ ಅಂದರೆ 370ನ್ನ 1.2ರಿಂದ ಭಾಗಿಸಬೇಕು, ಸುಮಾರು 308 ರೂಪಾಯಿ ಆಗುತ್ತೆ. ಎರಡನೆಯದು, ಕಂಟಿ ತೆಗೆದ 60 ನಿಮಿಷ ಮತ್ತು ಕಾದ 30 ನಿಮಿಷ ಘನ ಮೀಟರ್ ಲೆಕ್ಕದಲ್ಲಿ ಕಾಣೋದೇ ಇಲ್ಲ. ಕಂಟಿ ತೆಗೆಯೋದನ್ನ ಅಂದಾಜು ಪಟ್ಟಿಯಲ್ಲಿ ಬೇರೆ ಐಟಂ ಆಗಿ ಸೇರಿಸದಿದ್ದರೆ ಆ ಗಂಟೆಗೆ ಬಿಡಿಗಾಸೂ ಇಲ್ಲ. ಒಟ್ಟಿಗೆ 'ಏಳು ಗಂಟೆ ಕೆಲಸ' ಅಂತ ಬರೆದಿದ್ದರೆ ಇದ್ಯಾವುದೂ ತಿಳಿಯುತ್ತಿರಲಿಲ್ಲ. ಕೆಲಸವಾರು ಸಮಯದ ನಿಜವಾದ ಉಪಯೋಗ ಇದು.

ಈಗ ನಿಜವಾಗಿ ಏನು ದಾಖಲಾಗುತ್ತಿದೆ ನೋಡಿ. 2021ರ ಮೇನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಎನ್‌ಎಂಎಂಎಸ್ ಅನ್ನೋ ಮೊಬೈಲ್ ಆ್ಯಪ್ ತಂತು. 2022ರಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ, 2023ರ ಜನವರಿಯಿಂದ ವೈಯಕ್ತಿಕ ಫಲಾನುಭವಿ ಕಾಮಗಾರಿ ಬಿಟ್ಟು ಉಳಿದೆಲ್ಲ ಕಡೆ ಅದು ಕಡ್ಡಾಯವಾಯಿತು. ಕಾಯಕ ಬಂಧು ದಿನಕ್ಕೆ ಎರಡು ಸಲ ಕೆಲಸಗಾರರ ಫೋಟೋ ತೆಗೆದು ಏರಿಸಬೇಕು. ಫೋಟೋ ಜೊತೆ ಜಾಗ, ಹೊತ್ತು ಎರಡೂ ದಾಖಲಾಗುತ್ತೆ.

ಈ ಆ್ಯಪ್‌ನಲ್ಲಿ ಮುಖ ಇದೆ, ಗಂಟೆ ಇದೆ, ಜಾಗ ಇದೆ. ಕೆಲಸ ಇಲ್ಲ. ಗರಸೋ ಹೂಳೋ ಅದಕ್ಕೆ ಗೊತ್ತಿಲ್ಲ. ವಿಚಿತ್ರ ನೋಡಿ, ಕೂಲಿ ಕೊಡೋದು ಅಳತೆಯ ಮೇಲೆ, ಆದರೂ ಬೇಗ ಮುಗಿಸಿದ ಗುಂಪು ಎರಡನೇ ಫೋಟೋಗಾಗಿ ಅಲ್ಲೇ ಕೂರಬೇಕು. ಅಳತೆಗೆ ದುಡ್ಡು ಅಂದಮೇಲೆ ಹೊತ್ತಿನ ಕಾವಲು ಯಾಕೆ? ಹೊತ್ತಿಗೇ ಕಾವಲು ಅಂದಮೇಲೆ ಅಷ್ಟು ಹೊತ್ತು ಇದ್ದವರಿಗೆ ಪೂರ್ತಿ 370 ಯಾಕಿಲ್ಲ? ಎರಡೂ ಪದ್ಧತಿಯ ಕಷ್ಟದ ಭಾಗ ಮಾತ್ರ ಕೂಲಿಯವರ ಪಾಲಿಗೆ ಬಂದಿದೆ.

ಭ್ರಷ್ಟಾಚಾರ ತಡೆಯೋದು ಬೇಡವಾ ಅಂತ ನೀವು ಕೇಳಬಹುದು. ಖಂಡಿತ ಬೇಕು. ಜೆಸಿಬಿ ತಂದು ರಾತ್ರೋರಾತ್ರಿ ಕೆಲಸ ಮುಗಿಸಿ ಜನರ ಹೆಸರಲ್ಲಿ ಬಿಲ್ ಎತ್ತಿದ ಕಥೆಗಳು ನಮ್ಮ ಕಡೆ ಹೊಸದಲ್ಲ. ಆದರೆ 2025ರ ಜುಲೈನಲ್ಲಿ ಇದೇ ಸಚಿವಾಲಯ ರಾಜ್ಯಗಳಿಗೆ ಬರೆದ ಪತ್ರದಲ್ಲಿ ಆ್ಯಪ್ ದುರ್ಬಳಕೆಯ ಬಗೆಗಳನ್ನ ತಾನೇ ಪಟ್ಟಿ ಮಾಡಿತು: ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೋ, ಫೋಟೋದ ಫೋಟೋ, ಒಂದೇ ಮುಖ ಹಲವು ಹಾಜರಿ ಪಟ್ಟಿಗಳಲ್ಲಿ, ಮಧ್ಯಾಹ್ನದ ಫೋಟೋ ಏರಿಸದಿರೋದು. ಅಂದರೆ ಮೋಸ ಮಾಡುವವರು ದಾರಿ ಹುಡುಕಿಕೊಂಡರು. ಸಿಕ್ಕಿಬಿದ್ದಿದ್ದು ನೀರು ತರೋಕೆ ಹೋದ ಅಕ್ಕ.

ನನಗೆ ಇದು ಹೊಸ ಕಥೆ ಅನ್ನಿಸಲಿಲ್ಲ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಗ ನಾವೂ ಟಾಸ್ಕ್‌ವಾರು ಟೈಮ್‌ಶೀಟ್ ತುಂಬುತ್ತಿದ್ದೆವು. ಮೊದಮೊದಲು ನಿಜ ಬರೆಯುತ್ತಿದ್ದೆವು. ಎರಡು ಗಂಟೆ ಅಂತ ಅಂದಾಜು ಮಾಡಿದ ಕೆಲಸಕ್ಕೆ ಒಂಬತ್ತು ಗಂಟೆ ಹಿಡಿಯಿತು ಅಂತ ಬರೆದರೆ, ಮುಂದಿನ ಸಲ ಅಂದಾಜು ಸರಿಯಾಗುತ್ತಿತ್ತು. ಆಮೇಲೆ ಅದೇ ಶೀಟ್ ಅಪ್ರೈಸಲ್ ಮೀಟಿಂಗ್‌ಗೆ ಬಂತು. 'ನಿನಗ್ಯಾಕೆ ಒಂಬತ್ತು, ಅವನಿಗ್ಯಾಕೆ ಆರು' ಅಂತ ಶುರುವಾಯಿತು. ಮರುತಿಂಗಳಿಂದ ಎಲ್ಲರ ಶೀಟಲ್ಲೂ ದಿನಕ್ಕೆ ಸರಿಯಾಗಿ ಎಂಟು ಗಂಟೆ. ದಾಖಲೆ ಉಳಿಯಿತು, ಮಾಹಿತಿ ಸತ್ತಿತು. ಯಾರದೇ ಸಮಯದ ದಾಖಲೆ ದಿನದಿನವೂ ಒಂದೇ ಥರ, ನುಣ್ಣಗೆ ಇದ್ದರೆ ಅದು ಹೆದರಿಕೆಯಿಂದ ತುಂಬಿದ್ದು ಅಂತ ತಿಳಿಯಿರಿ.

ಈ ಜಗಳಕ್ಕೆ ನೂರು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿದೆ. ಕೆಲಸವನ್ನ ಸ್ಟಾಪ್‌ವಾಚ್ ಹಿಡಿದು ತುಂಡುತುಂಡಾಗಿ ಅಳೆಯುವ ಪದ್ಧತಿಯನ್ನ ಜನಪ್ರಿಯ ಮಾಡಿದ್ದು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್. 1911ರಲ್ಲಿ ವಾಟರ್‌ಟೌನ್‌ನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಆ ಗಡಿಯಾರದ ವಿರುದ್ಧ ಕಾರ್ಮಿಕರು ಮುಷ್ಕರ ಹೂಡಿದರು. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು, ಮುಂದೆ ಅಂಥ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಅಧ್ಯಯನಕ್ಕೆ ಸರ್ಕಾರಿ ಹಣ ಬಳಸದಂತೆ ನಿರ್ಬಂಧವೂ ಬಂತು. ಗಡಿಯಾರ ಯಾರ ಕೈಲಿದೆ, ಅದು ಏನನ್ನ ತೀರ್ಮಾನಿಸುತ್ತೆ ಅನ್ನೋದೇ ಅವತ್ತಿನ ಪ್ರಶ್ನೆಯೂ ಆಗಿತ್ತು.

ಹಾಗಾಗಿ ಕೆಲಸವಾರು ಸಮಯ ಬರೆಯೋದನ್ನೇ ಬಿಡೋಣ ಅಂತ ನಾನು ಹೇಳಲ್ಲ. ಬರೆಯೋಣ, ಆದರೆ ಗುಂಪಿನ ಹೆಸರಲ್ಲಿ, ಒಬ್ಬೊಬ್ಬರ ಹೆಸರಲ್ಲಿ ಬೇಡ. ಹೆಸರು ಬರೆದ ದಿನವೇ ಅರವತ್ತು ದಾಟಿದ ಅಜ್ಜಿ 'ನಿಧಾನ' ಅಂತ ಪಟ್ಟಿಯಲ್ಲಿ ಕಾಣ್ತಾಳೆ, ಮುಂದಿನ ವಾರ ಅವಳನ್ನ ಗುಂಪಿಗೆ ಸೇರಿಸಿಕೊಳ್ಳಲ್ಲ. ಕೂಲಿ ಗುಂಪಿನಲ್ಲಿ ಹಂಚಿಹೋಗುವಾಗ ಈ ಒತ್ತಡ ಈಗಲೇ ಇದೆ. ಯಾವ ಮಣ್ಣು, ಯಾವ ಕೆಲಸ, ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಅಳತೆ: ಇಷ್ಟು ಸಾಕು. ಮೂರ್ನಾಲ್ಕು ದಿನ ಬರೆದರೂ ಒಂದು ಚಿತ್ರ ಸಿಗುತ್ತೆ. ಎಂಬಿ ಪ್ರತಿ ಕೇಳಿ, ಅದರಲ್ಲಿ ಮಣ್ಣಿನ ವರ್ಗ ಏನಂತ ಬರೆದಿದ್ದಾರೆ ನೋಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ಸಾಮಾಜಿಕ ಪರಿಶೋಧನೆಯ ಗ್ರಾಮಸಭೆಯಲ್ಲಿ ಓದಿ.

ಇದು ಈಗಲೇ ಆಗಬೇಕಾದ ಕೆಲಸ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ವಿಬಿ-ಜಿ ರಾಮ್ ಜಿ ಕಾಯ್ದೆಗೆ ಒಪ್ಪಿಗೆ ಕೊಟ್ಟಿದೆ. 125 ದಿನದ ಭರವಸೆಯ ಜೊತೆಗೆ ಬಯೋಮೆಟ್ರಿಕ್, ಮೊಬೈಲ್ ನಿಗಾ ಎರಡೂ ಅದರಲ್ಲಿವೆ. ಕ್ಯಾಮೆರಾ ಇನ್ನೂ ಚುರುಕಾಗುತ್ತೆ, ಗರಸು ನೆಲ ಮಾತ್ರ ಅದೇ ಇರುತ್ತೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಆ್ಯಪ್ ತಮ್ಮ ಮೇಲೆ ಹೇಗೆ ನಿಗಾ ಇಡುತ್ತೆ, ಹೇಗೆ ತೀರ್ಮಾನ ಮಾಡುತ್ತೆ ಅಂತ ತಿಳಿಯುವ ಹಕ್ಕನ್ನ ಡೆಲಿವರಿ ಹುಡುಗರಿಗೆ ಕೊಟ್ಟಿದೆ. ಕಾಲುವೆ ಅಗೆಯೋ ಅಕ್ಕನಿಗೂ ಅಷ್ಟು ಹಕ್ಕು ಬೇಡವಾ? ಫೋಟೋದಲ್ಲಿ ಮುಖ ಇಲ್ಲದಿದ್ದರೂ ಅಗೆದ ಅಳತೆ ನೋಡಿ ಕೂಲಿ ಕೊಡಿ ಅಂತ ಕೇಳುವ ಹಕ್ಕು?