ನಳದ ನೀರು ಹದಿನೈದು ದಿನಕ್ಕೊಮ್ಮೆ, ಕರೆಂಟ್ ಯಾವಾಗಲೋ: ಅಡುಗೆಮನೆ ಮತ್ತು ಕಾಳಿನ ಕೋಣೆಯ ಲೆಕ್ಕ



ಗದಗ-ಬೆಟಗೇರಿಗೆ ಕುಡಿಯುವ ನೀರು ಬರುವುದು ಮುಂಡರಗಿ ತಾಲೂಕಿನ ಹಮ್ಮಿಗಿ ಬ್ಯಾರೇಜಿನಿಂದ, ಅಂದರೆ ತುಂಗಭದ್ರೆಯಿಂದ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಊರುಗಳಿಗೂ ಅದೇ ನದಿ ಆಸರೆ. ಬೇಸಿಗೆಯಲ್ಲಿ ನದಿ ಇಳಿದರೆ, ಪೈಪು ಒಡೆದರೆ ಅಥವಾ ಪಂಪಿಗೆ ಕರೆಂಟ್ ಇಲ್ಲದಿದ್ದರೆ ನಮ್ಮ ಓಣಿಯ ನೀರಿನ ಸರದಿ ಮುಂದೆ ಹೋಗುತ್ತದೆ. ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ 2023ರ ಬರದಲ್ಲಿ ನೀರು, ಕರೆಂಟ್ ಎರಡರ ಕೊರತೆಯೂ ಒಟ್ಟಿಗೇ ಬಂದಿತ್ತು. ಕಾಳು-ಬೇಳೆ ವ್ಯಾಪಾರ ಮಾಡುತ್ತ ಬಂದ ನನಗೆ ಆಗ ಒಂದು ಮಾತು ಸ್ಪಷ್ಟವಾಯಿತು. ನೀರು ಕಡಿಮೆ ಆದಾಗ ಮನೆಯ ಆಹಾರ ಕೆಡುವುದು ಬಹಳ ಸಲ ನೀರಿಲ್ಲದ್ದಕ್ಕಲ್ಲ, ತುಂಬಿಟ್ಟ ನೀರಿನಿಂದ.

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಒಂದು ಬೇಸಿಗೆಯಲ್ಲಿ ನೀರು ಬಂದ ದಿನ ಜಾಗ ಸಾಲದೆ ಎರಡು ದೊಡ್ಡ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಕಾಳಿನ ಕೋಣೆಯಲ್ಲಿ ತುಂಬಿಟ್ಟೆವು. ಪಕ್ಕದಲ್ಲಿ 50 ಕಿಲೋ ತೊಗರಿ ಬೇಳೆಯ ಚೀಲ ಗೋಡೆಗೆ ಆನಿಸಿತ್ತು. ನೀರು ತೆಗೆಯುವಾಗ ನೆಲಕ್ಕೆ ಚೆಲ್ಲುತ್ತಿತ್ತು, ಗೋಡೆ ತಂಪು ಹಿಡಿಯಿತು. ತಿಂಗಳೊಪ್ಪತ್ತಿನಲ್ಲಿ ಚೀಲದ ಕೆಳಭಾಗ ಮುಗ್ಗಲು ವಾಸನೆ ಹೊಡೆಯತೊಡಗಿತು, ಬೇಳೆ ಗಂಟುಗಟ್ಟಿ ನುಸಿ ಹತ್ತಿತ್ತು. ಮೇಲಿನ ಅರ್ಧವನ್ನು ಕೇರಿ, ಒಣಗಿಸಿ ಉಳಿಸಿಕೊಂಡೆವು. ಮುಗ್ಗಿದ ಭಾಗವನ್ನು ಯಾರಿಗೂ ತಿನ್ನಲು ಕೊಡುವಂತಿರಲಿಲ್ಲ, ದನಕ್ಕೂ ಹಾಕಲಿಲ್ಲ. ಹಣ ಹೋದದ್ದು ಒಂದು ಕಡೆ, ನಮ್ಮ ಅಜಾಗರೂಕತೆಯಿಂದ ಅಷ್ಟು ಜೀವಗಳು ಹುಟ್ಟಿ ಸತ್ತವಲ್ಲ ಎಂದು ಮನೆಯವರು ಬಹಳ ನೊಂದುಕೊಂಡರು.

ಅಂದಿನಿಂದ ನೀರಿನ ಕೋಣೆ ಬೇರೆ, ಕಾಳಿನ ಕೋಣೆ ಬೇರೆ. ಒಂದೇ ಕೋಣೆ ಇರುವವರು ಕಾಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಬೇಕು. ಚೀಲಕ್ಕಿಂತ ಬಿಗಿ ಮುಚ್ಚಳದ ತಗಡಿನ ಡಬ್ಬಿ ಒಳ್ಳೆಯದು. ತುಂಬುವ ಮುಂಚೆ ಕಾಳನ್ನು ಬಿಸಿಲಿಗೆ ಹಾಕಿ, ಹಲ್ಲಿನಿಂದ ಕಚ್ಚಿ ನೋಡಿ. ಕಟ್ಟೆಂದು ಒಡೆದರೆ ಒಣಗಿದೆ, ಹಲ್ಲಿಗೆ ಮೆತ್ತಗೆ ಸಿಕ್ಕರೆ ಇನ್ನೂ ಹಸಿ. ಬಿಸಿಲಿನಿಂದ ತಂದ ಕೂಡಲೇ ತುಂಬಬೇಡಿ. ಬಿಸಿ ಕಾಳು ಡಬ್ಬಿಯೊಳಗೆ ಬೆವರುತ್ತದೆ, ಆ ಬೆವರಿನಿಂದಲೇ ಬೂಸು ಬರುತ್ತದೆ. ಪೂರ್ತಿ ಆರಿದ ಮೇಲೆ ತುಂಬಿ. ಬೇಳೆಗೆ ಕಿಲೋಗೆ ಒಂದು ಚಹಾ ಚಮಚದಂತೆ ಔಡಲೆಣ್ಣೆ ಸವರುವ ಪದ್ಧತಿ ಒಳ್ಳೆಯದೇ, ಆದರೆ ಆ ಎಣ್ಣೆ ತೊಳೆಯಲು ಹೆಚ್ಚು ನೀರು ಬೇಕು. ಆದ್ದರಿಂದ ಬೇಸಿಗೆಗೆ ಒಂದೆರಡು ತಿಂಗಳಿಗೆ ಸಾಲುವಷ್ಟು ಬೇಳೆಯನ್ನು ಎಣ್ಣೆ ಹಚ್ಚದೆ ಚೆನ್ನಾಗಿ ಒಣಗಿಸಿ ಬೇರೆ ಇಟ್ಟುಕೊಳ್ಳಿ. ಗೋದಾಮಿನಲ್ಲಿ ಹಾಕುವ ವಿಷದ ಗುಳಿಗೆಯನ್ನು ಯಾರಾದರೂ ಕೊಟ್ಟರೆ ಮನೆಯೊಳಗೆ ತರಲೇಬೇಡಿ. ಅದರಿಂದ ಬರುವ ಗಾಳಿ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ.

ಈಗ ನೀರಿನ ಲೆಕ್ಕ. ಐದು ಜನರ ನಮ್ಮ ಮನೆಗೆ ಬೇಸಿಗೆಯಲ್ಲಿ ಕುಡಿಯಲು ದಿನಕ್ಕೆ 20 ಲೀಟರ್, ಅಡುಗೆಗೆ 15 ಲೀಟರ್ ಹಿಡಿಯುತ್ತೇವೆ. ಹದಿನೈದು ದಿನಕ್ಕೆ 525 ಲೀಟರ್ ಆಯಿತು. ಅದಕ್ಕೆ 200 ಲೀಟರಿನ ಮೂರು ಡ್ರಮ್ಮು ಮೀಸಲು. ಇವುಗಳಿಗೆ ಬೇರೆ ಯಾವ ಕೆಲಸಕ್ಕೂ ಕೈ ಹಾಕುವಂತಿಲ್ಲ. ಮುಸುರೆ, ಸ್ನಾನ, ಬಟ್ಟೆಗೆ ಟಾಕಿಯ ನೀರು. ಅಕ್ಕಿ, ಬೇಳೆ ತೊಳೆದ ನೀರನ್ನು ಬಕೆಟಿಗೆ ಹಿಡಿದು ಮುಸುರೆಯ ಮೊದಲ ತೊಳೆತಕ್ಕೆ ಬಳಸಿದರೆ ಒಳ್ಳೆಯ ನೀರು ಕೊನೆಯ ತೊಳೆತಕ್ಕೆ ಮಾತ್ರ ಬೇಕಾಗುತ್ತದೆ. ಮನೆಗೆ ಬಂಧುಗಳು ಬಂದ ದಿನ ಪತ್ರಾವಳಿ ಹಾಕಿ.

ಡ್ರಮ್ಮು ತುಂಬಿದ ಕೂಡಲೇ ಬಾಯಿಗೆ ದಪ್ಪ ಬಟ್ಟೆ ಬಿಗಿದು ದಾರ ಕಟ್ಟಿ, ಮೇಲೆ ಮುಚ್ಚಳ ಹಾಕಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ಸ್ವಚ್ಛ ನೀರಿನ ಪಾತ್ರೆಯಲ್ಲೇ. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು, ನಮ್ಮ ನೀರು ಹದಿನೈದು ದಿನ ನಿಲ್ಲುತ್ತದೆ. ಒಮ್ಮೆ ಹುಳ ಆದ ಮೇಲೆ ಗಾಳಿಸಿದರೆ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಎಲ್ಲಿ ಬಿಡುವುದು? ಅದೇ ಡ್ರಮ್ಮಿಗೆ ಬಿಟ್ಟರೆ ಸೊಳ್ಳೆ ಸಾಕಿದಂತೆ, ಮೋರಿಗೆ ಬಿಟ್ಟರೆ ಹಿಂಸೆ. ಹುಳ ಆಗದಂತೆ ಮೊದಲೇ ಮುಚ್ಚುವುದೊಂದೇ ಇದಕ್ಕೆ ದಾರಿ. ಡ್ರಮ್ಮು ಖಾಲಿಯಾದಾಗ ಒಳಗಿನ ಗೋಡೆಯನ್ನು ಉಜ್ಜಿ ತೊಳೆಯಬೇಕು, ಆ ಸೊಳ್ಳೆಯ ಮೊಟ್ಟೆ ನೀರಿಲ್ಲದಿದ್ದರೂ ಅಲ್ಲಿ ಅಂಟಿಕೊಂಡು ಬಹಳ ದಿನ ಬದುಕುತ್ತದೆ.

ಕುಡಿಯುವ ನೀರನ್ನು ಎರಡು ಪದರದ ಹತ್ತಿ ಬಟ್ಟೆಯಲ್ಲಿ ಗಾಳಿಸಿ, ಬೆಳಿಗ್ಗೆ ಒಂದೇ ಸಲ ಕುದಿಸಿಡಿ. ಗಾಳಿಸಿದ ನೀರಿಗೆ 48 ನಿಮಿಷ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ ಎಂಬ ನಮ್ಮ ಮರ್ಯಾದೆ ಇಲ್ಲಿ ಅನುಕೂಲಕ್ಕೂ ಬರುತ್ತದೆ, ದಿನವಿಡೀ ಮತ್ತೆ ಮತ್ತೆ ಗಾಳಿಸುವ ಕೆಲಸ ಉಳಿಯುತ್ತದೆ. ಆದರೆ ನಳ ನಿಂತು ಬೋರ್ ನೀರು ಬಳಸುವಾಗ ಎಚ್ಚರ. ಮುಂಡರಗಿ ಕಡೆ ಅನೇಕ ಬೋರುಗಳಲ್ಲಿ ಫ್ಲೋರೈಡ್ ಇದೆ. ಗಾಳಿಸಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದಿಂದ ತನ್ನಿ. ಘಟಕವೂ ಕರೆಂಟಿನಿಂದಲೇ ನಡೆಯುವುದರಿಂದ ಎರಡು ದಿನದ ನೀರು ಯಾವಾಗಲೂ ಮುಂಗಡವಾಗಿ ಇರಲಿ.

ಕರೆಂಟ್ ಹೋದರೆ ಮೊದಲು ನಿಲ್ಲುವುದು ಗಿರಣಿ. ಹಿಟ್ಟಿಗೆ ಮಳೆಗಾಲದಲ್ಲಿ ಮೂರು, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನದ ಮರ್ಯಾದೆ ಇರುವುದರಿಂದ ತಿಂಗಳ ಹಿಟ್ಟು ಒಮ್ಮೆಲೇ ಬೀಸಿಸಿಡಲು ಆಗದು. ಜೋಳ, ಗೋದಿ ಕೇರಿ, ಒಣಗಿಸಿ ಐದೈದು ದಿನದ ಗಂಟು ಕಟ್ಟಿಟ್ಟರೆ ಕರೆಂಟ್ ಬಂದ ಹೊತ್ತಿಗೆ ಓಡಿ ಹೋಗಿ ಬೀಸಿಸಿಕೊಂಡು ಬರಬಹುದು. ಹಿಟ್ಟು ಬಿಸಿ ಆರದೆ ಡಬ್ಬಿಗೆ ಹಾಕಬೇಡಿ. ಗಿರಣಿ ಸಿಗದ ದಿನಕ್ಕೆ ಅನ್ನ, ನುಚ್ಚು, ಹೆಸರುಬೇಳೆ ಇಟ್ಟುಕೊಳ್ಳಿ. ಹೆಸರುಬೇಳೆ ತೊಗರಿಗಿಂತ ಬೇಗ ಬೇಯುತ್ತದೆ.

ಫ್ರಿಜ್ಜಿನ ಬಾಗಿಲು ತೆಗೆಯದಿದ್ದರೆ ತಂಪು ಸುಮಾರು ನಾಲ್ಕು ಗಂಟೆ ನಿಲ್ಲುತ್ತದೆ. ಅಷ್ಟರಲ್ಲಿ ಕರೆಂಟ್ ಬರದಿದ್ದರೆ ಹಾಲನ್ನು ತೆಗೆದು ಕುದಿಸಿ, ಅಗಲ ಬೋಗುಣಿಯಲ್ಲಿ ಒಂದು ತಂಬಿಗೆ ನೀರು ಹಾಕಿ ಪಾತ್ರೆ ಇಟ್ಟು, ತುದಿ ಆ ನೀರಿನಲ್ಲಿ ಮುಳುಗುವಂತೆ ಸುತ್ತ ಒದ್ದೆ ಬಟ್ಟೆ ಹೊದಿಸಿ. ಬೇಸಿಗೆಯಲ್ಲಿ ನಾಲ್ಕೈದು ಗಂಟೆಗೊಮ್ಮೆ ಮತ್ತೆ ಕುದಿಸಬೇಕು. ಸಂಶಯ ಬಂದರೆ ಒಂದು ಸೌಟು ಬೇರೆ ಕುದಿಸಿ ನೋಡಿ, ಒಡೆದರೆ ಉಳಿದದ್ದೂ ಹಾಳಾಗಿದೆ. ಬೇಯಿಸಿದ ಅನ್ನ, ಪಲ್ಯ ಇಂಥ ದಿನ ಉಳಿಸುವಂತಿಲ್ಲ. ಹೊತ್ತಿಗೆ ತಕ್ಕಷ್ಟೇ ಮಾಡಿ.

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಗೆ ರಾತ್ರಿ ಕರೆಂಟ್ ಹೋದರೂ ಅಡುಗೆಯ ಚಿಂತೆ ಇಲ್ಲ. ಆದರೆ ಮುಸುರೆಯನ್ನೂ ಬೆಳಕಿರುವಾಗಲೇ ಮುಗಿಸಿ. ಕತ್ತಲಲ್ಲಿ ತಿಕ್ಕಿದರೆ ನೀರು ಹೆಚ್ಚು ಹೋಗುತ್ತದೆ, ಬಿಟ್ಟರೆ ಇರುವೆ, ಜಿರಲೆ ಮುತ್ತುತ್ತವೆ. ಆಮೇಲೆ ಡ್ರಮ್ಮಿನ ಬಟ್ಟೆ ಸಡಿಲಾಗಿದೆಯೇ, ಕಾಳಿನ ಕೋಣೆಯ ನೆಲ ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ ಮಲಗಿರಿ.