ಯಂತ್ರ ಬರೆದದ್ದೋ, ಅನುವಾದವೋ?

ಈ ವಾಕ್ಯ ನೋಡಿ: "ಈ ಯೋಜನೆಯು ರೈತರಿಗೆ ಸಹಾಯ ಮಾಡುವ ಉದ್ದೇಶದಿಂದ ರೂಪಿಸಲ್ಪಟ್ಟ ಒಂದು ಪ್ರಮುಖ ಯೋಜನೆಯಾಗಿದೆ." ಇದನ್ನು ಎಐ ಬರೆದಿರಬಹುದು. ಇಂಗ್ಲಿಷ್ ಪ್ರಕಟಣೆಯೊಂದನ್ನು ಗಡಿಬಿಡಿಯಲ್ಲಿ ಕನ್ನಡಕ್ಕೆ ಇಳಿಸಿದ ಉಪಸಂಪಾದಕರು ಬರೆದಿರಬಹುದು. ಸುತ್ತೋಲೆಗಳ ಭಾಷೆಯೇ ಕೈಗೆ ಹತ್ತಿಬಿಟ್ಟ ಗುಮಾಸ್ತರು ಯಾವ ಇಂಗ್ಲಿಷ್ ಮೂಲವೂ ಇಲ್ಲದೆ ಬರೆದಿರಬಹುದು. ಅದೇ ಮಾತು "ರೈತರಿಗೆ ಅನುಕೂಲವಾಗಲಿ ಅಂತ ಮಾಡಿದ ದೊಡ್ಡ ಯೋಜನೆ ಇದು" ಎಂದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಮೊದಲ ವಾಕ್ಯದಲ್ಲಿ ಕಿವಿಗೆ ತಟ್ಟುವ ಅಪಸ್ವರ ಅನುವಾದದ್ದು. ಅದನ್ನು ಬರೆದದ್ದು ಯಂತ್ರವೇ ಎಂಬುದು ಬೇರೆ ಪ್ರಶ್ನೆ. ಯಂತ್ರ ಬರೆದ ಕನ್ನಡವನ್ನು ಹಿಡಿದುಕೊಡುತ್ತೇವೆ ಎನ್ನುವ ತಂತ್ರಾಂಶಗಳು ಎಡವುವುದು ಈ ಎರಡೂ ಪ್ರಶ್ನೆಗಳನ್ನು ಕಲಸಿಬಿಡುವಲ್ಲಿ.

ಡಿಟೆಕ್ಟರ್ ಎಂದು ಕರೆಯುವ ಈ ತಂತ್ರಾಂಶಗಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಊಹೆಯ ದಾರಿ. ಯಾವುದೇ ಭಾಷಾ ಮಾದರಿ ಒಂದು ಪದವಾದ ಮೇಲೆ ಮುಂದೆ ಏನು ಬರಬಹುದು ಎಂದು ಲೆಕ್ಕ ಹಾಕಿಯೇ ಬರೆಯುತ್ತದೆ. ಆದ್ದರಿಂದ ಅದರ ಬರಹ ಇನ್ನೊಂದು ಮಾದರಿಗೆ ಸುಲಭವಾಗಿ ಊಹೆಗೆ ಸಿಗುತ್ತದೆ. ಮನುಷ್ಯರ ಬರಹದಲ್ಲಿ ಅನಿರೀಕ್ಷಿತ ಪದಗಳು ಹೆಚ್ಚು. ಊಹೆಗೆ ತೀರಾ ಸುಲಭವಾಗಿ ಸಿಕ್ಕಿದ್ದು ಯಂತ್ರದ್ದು ಎಂಬುದು ಇಲ್ಲಿನ ತರ್ಕ. ಇನ್ನೊಂದು, ಕಲಿಕೆಯ ದಾರಿ. ಮನುಷ್ಯರು ಬರೆದ ಸಾವಿರಾರು ಬರಹಗಳನ್ನೂ ಯಂತ್ರ ಬರೆದ ಸಾವಿರಾರು ಬರಹಗಳನ್ನೂ ಗುರುತು ಹಾಕಿ ಕೊಟ್ಟರೆ, ವ್ಯತ್ಯಾಸ ಯಾವುದೆಂದು ತಂತ್ರಾಂಶ ತಾನೇ ಕಂಡುಕೊಳ್ಳುತ್ತದೆ.

ಬೇಕಾದಷ್ಟು ಬರಹ ಸಿಗುವ ಇಂಗ್ಲಿಷಿನಲ್ಲೇ ಇದು ಸಲೀಸಾಗಿಲ್ಲ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಹೊರತಂದಿತು. ಸಂಸ್ಥೆಯ ಪರೀಕ್ಷೆಯಲ್ಲೇ ಅದು ಯಂತ್ರ ಬರೆದ ಇಂಗ್ಲಿಷ್ ಬರಹಗಳಲ್ಲಿ ಶೇ. 26ನ್ನು ಮಾತ್ರ ಗುರುತಿಸಿತು, ಮನುಷ್ಯರು ಬರೆದದ್ದರಲ್ಲಿ ಶೇ. 9ನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿತು. ನಿಖರತೆ ಸಾಲದೆಂದು ಅದೇ ವರ್ಷ ಜುಲೈನಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಕನ್ನಡಕ್ಕೆ ಬಂದಾಗ ಊಹೆಯ ದಾರಿ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಕಂಪ್ಯೂಟರ್ ಪ್ರತಿ ಕನ್ನಡ ಅಕ್ಷರವನ್ನೂ ಪ್ರತಿ ಗುಣಿತ ಚಿಹ್ನೆಯನ್ನೂ ಯೂನಿಕೋಡ್‌ನಲ್ಲಿ ಸಾಮಾನ್ಯವಾಗಿ ಮೂರು ಬೈಟ್‌ಗಳಾಗಿ ಇಟ್ಟುಕೊಳ್ಳುತ್ತದೆ. 'ಕ' ಎಂದರೆ E0 B2 95. 'ಕಿ' ಎಂದರೆ E0 B2 95 E0 B2 BF. ಮೊದಲ ಬೈಟ್ ಎಲ್ಲ ಕನ್ನಡ ಅಕ್ಷರಗಳಿಗೂ ಒಂದೇ; ಎರಡನೆಯದು B2 ಅಥವಾ B3, ಬೇರೇನೂ ಆಗಲಾರದು. ನಿಜವಾದ ಮಾಹಿತಿ ಬಹುಪಾಲು ಮೂರನೆಯದರಲ್ಲಿದೆ. 2019ರ ಜಿಪಿಟಿ-2ರಂತಹ, ಮುಖ್ಯವಾಗಿ ಇಂಗ್ಲಿಷ್ ಓದಿ ಬೆಳೆದ ಮಾದರಿಗೆ ಕನ್ನಡ ಪದಗಳ ಪರಿಚಯವಿಲ್ಲ. ಅದು ಕನ್ನಡವನ್ನು ಬೈಟ್‌ಗಳಾಗಿ ಚೂರು ಮಾಡಿ ಒಂದೊಂದೇ ಚೂರನ್ನು ಊಹಿಸುತ್ತದೆ. ಬಹುಪಾಲು ಚೂರುಗಳು ಮೊದಲೇ ಗೊತ್ತಿರುವಂಥವು. ಸರಾಸರಿ ತೆಗೆದಾಗ ಇಡೀ ಬರಹ ಬಹಳ ಸುಲಭವಾಗಿ ಊಹೆಗೆ ಸಿಕ್ಕಂತೆ ಕಾಣುತ್ತದೆ. ಇಂಗ್ಲಿಷ್‌ಗೆಂದು ಗೊತ್ತುಮಾಡಿದ ಗೆರೆಯನ್ನೇ ಇಲ್ಲಿಗೂ ತಂದಿಟ್ಟರೆ, ಅಜ್ಜಿ ಹೇಳಿ ಬರೆಸಿದ ಕಾಗದವೂ ಯಂತ್ರದ್ದಾಗಿಬಿಡಬಹುದು. ಇತ್ತೀಚಿನ ಮಾದರಿಗಳು ಕನ್ನಡವನ್ನು ಇಷ್ಟು ಸಣ್ಣಗೆ ಚೂರು ಮಾಡುವುದಿಲ್ಲ. ಆದರೂ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಕನ್ನಡ ಬರಹಗಳ ಮೇಲೆಯೇ ಅಳೆದು ನೋಡಬೇಕು.

ಉಳಿದದ್ದು ಕಲಿಕೆಯ ದಾರಿ. ಅದಕ್ಕೆ ಮಾದರಿ ಬರಹಗಳು ಬೇಕು. ಈ ಕ್ಷೇತ್ರದಲ್ಲಿ ಹೆಸರಾದ ಬಹುಭಾಷಾ ಸಂಗ್ರಹಗಳಲ್ಲೊಂದು 2023ರ 'ಮಲ್ಟಿಟ್ಯೂಡ್'. ಅದರಲ್ಲಿ ಹನ್ನೊಂದು ಭಾಷೆಗಳಿವೆ, ಕನ್ನಡವಿಲ್ಲ. ಹೀಗಿರುವಾಗ ಕನ್ನಡ ಡಿಟೆಕ್ಟರ್ ಮಾಡಹೊರಟವರಿಗೆ ಒಂದು ಅಡ್ಡದಾರಿ ಆಸೆ ಹುಟ್ಟಿಸುತ್ತದೆ. ಮನುಷ್ಯರ ಬರಹಕ್ಕೆ ಕನ್ನಡ ಪತ್ರಿಕೆ, ಕಥೆಗಳಿಂದ ಒಂದಷ್ಟು ತೆಗೆದುಕೊಳ್ಳುವುದು. ಯಂತ್ರದ ಬರಹಕ್ಕೆ, ಇಂಗ್ಲಿಷಿನಲ್ಲಿ ಈಗಾಗಲೇ ಸಿದ್ಧವಿರುವ ಎಐ ಬರಹಗಳನ್ನು ಅನುವಾದದ ತಂತ್ರಾಂಶಕ್ಕೆ ಹಾಕಿ ಕನ್ನಡ ಮಾಡಿಕೊಳ್ಳುವುದು. ವಾರದೊಳಗೆ ಸಾವಿರಾರು ಮಾದರಿಗಳು ಸಿದ್ಧ.

ತೊಂದರೆ ಇಲ್ಲೇ ಹುಟ್ಟುವುದು. ಈ ಎರಡು ರಾಶಿಗಳ ನಡುವೆ ಎರಡು ವ್ಯತ್ಯಾಸಗಳು ಒಟ್ಟಿಗೇ ಸೇರಿಕೊಂಡಿವೆ: ಒಂದು ಮನುಷ್ಯರದ್ದು, ಇನ್ನೊಂದು ಯಂತ್ರದ್ದು, ಒಂದು ನೇರ ಕನ್ನಡ, ಇನ್ನೊಂದು ಅನುವಾದ. ಯಾವುದನ್ನು ಕಲಿಯಬೇಕೆಂದು ತಂತ್ರಾಂಶಕ್ಕೆ ಯಾರೂ ಹೇಳಿಲ್ಲ. ಅದು ಸುಲಭವಾದದ್ದನ್ನೇ ಹಿಡಿಯುತ್ತದೆ, ಮತ್ತು ಅನುವಾದದ ಗುರುತುಗಳು ಎದ್ದು ಕಾಣುವಂಥವು. ಕನ್ನಡದಲ್ಲಿ 'ಇವರು ನಮ್ಮ ಮೇಷ್ಟ್ರು' ಎಂದರೆ ಸಾಕು, ಕೊನೆಗೆ ಕ್ರಿಯಾಪದ ಬೇಡ. ಅನುವಾದ ಅಲ್ಲೊಂದು 'ಆಗಿದ್ದಾರೆ' ಅಂಟಿಸುತ್ತದೆ. 'ಹೇಳಿದ', 'ಕಟ್ಟಿದ' ಎಂದರೆ ಮುಗಿಯುವ ಕಡೆ 'ಹೇಳಲ್ಪಟ್ಟ', 'ಕಟ್ಟಲ್ಪಟ್ಟ' ಬರುತ್ತವೆ. ಬೇಡದ ಕಡೆ 'ಒಂದು' ನುಸುಳುತ್ತದೆ. ವಾಕ್ಯದಿಂದ ವಾಕ್ಯಕ್ಕೆ ನಾವು ಬಿಟ್ಟುಬಿಡುವ 'ಅವನು', 'ಅವಳು' ಪ್ರತಿ ಸಲವೂ ಹಾಜರಾಗುತ್ತಾರೆ. ಇಂತಹ ನಾಲ್ಕಾರು ಗುರುತುಗಳನ್ನು ಎಣಿಸಿದರೂ ಆ ಎರಡು ರಾಶಿಗಳನ್ನು ಬಹುಮಟ್ಟಿಗೆ ಬೇರ್ಪಡಿಸಬಹುದು. ಪರೀಕ್ಷೆಗೂ ಅದೇ ರಾಶಿಗಳಿಂದ ಆರಿಸಿದ ಬರಹಗಳನ್ನೇ ಕೊಡುವುದರಿಂದ ಅಂಕ ಅದ್ಭುತವಾಗಿ ಬರುತ್ತದೆ. ಕಲಿತದ್ದು ಮಾತ್ರ ಬೇರೆಯ ಪಾಠ.

ಹೀಗೆ ಕಲಿತ ಡಿಟೆಕ್ಟರ್ ಹೊರಗೆ ಬಂದಾಗ ಎರಡೂ ಕಡೆ ಸೋಲುತ್ತದೆ. ಇಂಗ್ಲಿಷ್ ಪುಸ್ತಕ ಓದಿ ತಾನೇ ಕನ್ನಡ ಮಾಡಿಕೊಂಡು ಬರೆದ ವಿದ್ಯಾರ್ಥಿ ಸಿಕ್ಕಿಬೀಳುತ್ತಾನೆ. ನೇರವಾಗಿ ಕನ್ನಡದಲ್ಲೇ ಕೇಳಿ, 'ಆಡುಮಾತಿನ ಹಾಗೆ ಬರೆ' ಎಂದು ಬರೆಸಿದ ಯಂತ್ರದ ಬರಹ ನುಣುಚಿಕೊಳ್ಳುತ್ತದೆ.

ಮನುಷ್ಯರದ್ದೆಂದು ಇಟ್ಟ ರಾಶಿಯೂ ಶುದ್ಧವಲ್ಲ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರ ಜೂನ್‌ನಲ್ಲಿ. ಅಂದಿನಿಂದ ಜಾಲತಾಣಗಳಲ್ಲಿ ಯಂತ್ರ ಅನುವಾದಿಸಿದ ಕನ್ನಡ ತುಂಬುತ್ತಲೇ ಇದೆ. ಜಾಲದಿಂದ ಬಾಚಿ ತಂದದ್ದಕ್ಕೆಲ್ಲ 'ಮನುಷ್ಯ' ಎಂದು ಚೀಟಿ ಅಂಟಿಸಿದರೆ ಪಾಠವೇ ತಪ್ಪಾಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ನಮ್ಮಲ್ಲಿ ದಶಕಗಳ ಬರಹ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿತ್ತು. ಅದನ್ನು ಯೂನಿಕೋಡ್‌ಗೆ ಬದಲಿಸುವಾಗ ಕೆಲವು ಅಕ್ಷರಗಳು ಕಣ್ಣಿಗೆ ಸರಿಯಾಗಿದ್ದರೂ ಒಳಗೆ ಬೇರೆಯಾಗುತ್ತವೆ. 'ಕೀ' ಅಕ್ಷರದ ದೀರ್ಘವನ್ನು U+0CC0 ಎಂಬ ಒಂದೇ ಸಂಕೇತವಾಗಿಯೂ ಬರೆಯಬಹುದು, U+0CBF ಮತ್ತು U+0CD5 ಎಂದು ಎರಡಾಗಿಯೂ ಬರೆಯಬಹುದು. ಎರಡಾಗಿ ಒಡೆದ ರೂಪ ಮನುಷ್ಯರ ರಾಶಿಯಲ್ಲಿ ಮಾತ್ರ ಇದ್ದರೆ, ಡಿಟೆಕ್ಟರ್ ಅದನ್ನೇ ಮನುಷ್ಯರ ಗುರುತೆಂದು ಕಲಿಯುತ್ತದೆ. ತರಬೇತಿಗೆ ಮುಂಚೆ ಎಲ್ಲ ಬರಹಗಳನ್ನೂ ಒಂದೇ ರೂಪಕ್ಕೆ ತರದಿದ್ದರೆ ಈ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ.

ಡಿಟೆಕ್ಟರ್ ನಿಜಕ್ಕೂ ಏನನ್ನು ಅಳೆಯುತ್ತಿದೆ ಎಂದು ತಿಳಿಯುವುದು ಹೇಗೆ? ಮೂರು ಪರೀಕ್ಷೆಗಳು ಸಾಕು. ಮೊದಲನೆಯದು, ಹೋಗಿ ಬರುವ ಪರೀಕ್ಷೆ. ಒಬ್ಬರು ಕೈಯಾರೆ ಬರೆದ ಕನ್ನಡ ಪ್ರಬಂಧವನ್ನು ತಂತ್ರಾಂಶದಲ್ಲಿ ಇಂಗ್ಲಿಷ್ ಮಾಡಿ, ಮತ್ತೆ ಕನ್ನಡಕ್ಕೆ ತನ್ನಿ. ವಿಚಾರ, ಕ್ರಮ, ಉದಾಹರಣೆ ಎಲ್ಲವೂ ಆ ಮನುಷ್ಯರದ್ದೇ. ಹೊಸದಾಗಿ ಸೇರಿದ್ದು ಅನುವಾದದ ಗುರುತು ಮಾತ್ರ. ಮೊದಲು ಶೇ. 10 ಎಂದಿದ್ದ ಅನುಮಾನ ಶೇ. 90ಕ್ಕೆ ಜಿಗಿದರೆ, ಅದು ಅಳೆಯುತ್ತಿರುವುದು ಅನುವಾದವನ್ನು. ಎರಡನೆಯದು, ಹಳೆಯ ಮುದ್ರಿತ ಬರಹದ ಪರೀಕ್ಷೆ. 2011ಕ್ಕೆ ಮುಂಚೆ ಅಚ್ಚಾದ ಸರ್ಕಾರಿ ಆದೇಶ, ಪಠ್ಯಪುಸ್ತಕ, ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಯಿಂದ ಮಾಡಿದ ಸುದ್ದಿ ಇವನ್ನು ಕೊಟ್ಟು ನೋಡಿ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ, ಆದ್ದರಿಂದ ಇಲ್ಲಿ ಬರುವ ಪ್ರತಿ 'ಯಂತ್ರ' ತೀರ್ಪೂ ತಪ್ಪೇ. ಮೂರನೆಯದು, ನಾಲ್ಕು ಮನೆಗಳ ಲೆಕ್ಕ: ಮನುಷ್ಯರ ನೇರ ಕನ್ನಡ, ಮನುಷ್ಯರ ಅನುವಾದ, ಯಂತ್ರದ ನೇರ ಕನ್ನಡ, ಇಂಗ್ಲಿಷಿನಿಂದ ಬಂದ ಯಂತ್ರದ ಕನ್ನಡ. ಪ್ರತಿ ಮನೆಯಲ್ಲೂ ತಪ್ಪೆಷ್ಟು ಎಂದು ಬೇರೆಬೇರೆಯಾಗಿ ಹೇಳಬೇಕು. ಎಲ್ಲ ಸೇರಿಸಿ ಒಂದೇ ಸರಾಸರಿ ಕೊಟ್ಟರೆ ಏನು ಮರೆಯಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ.

ಕಾಲೇಜೊಂದರ ಪ್ರಬಂಧ ಸ್ಪರ್ಧೆಗೆ 500 ಪ್ರಬಂಧ ಬಂದಿವೆ ಎನ್ನಿ. 50 ಯಂತ್ರ ಬರೆದವು, 450 ವಿದ್ಯಾರ್ಥಿಗಳೇ ಬರೆದವು. ಡಿಟೆಕ್ಟರ್ ಯಂತ್ರದ ಬರಹದಲ್ಲಿ ಶೇ. 80 ಹಿಡಿಯುತ್ತದೆ, ಮನುಷ್ಯರ ಬರಹದಲ್ಲಿ ಶೇ. 10 ಮಾತ್ರ ತಪ್ಪುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಹಿಡಿದ ಯಂತ್ರದ ಪ್ರಬಂಧ 40, ತಪ್ಪಾಗಿ ಹಿಡಿದ ವಿದ್ಯಾರ್ಥಿಗಳು 45. ಅನುಮಾನದ ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಿರಪರಾಧಿಗಳು. ಇನ್ನೂ ಒಳಹೊಕ್ಕು ನೋಡೋಣ. ಆ 450ರಲ್ಲಿ 150 ಮಂದಿ ಇಂಗ್ಲಿಷಿನಲ್ಲಿ ಓದಿಕೊಂಡು ಕನ್ನಡದಲ್ಲಿ ಬರೆದವರು, 300 ಮಂದಿ ನೇರವಾಗಿ ಬರೆದವರು. ನೇರವಾಗಿ ಬರೆದವರಲ್ಲಿ ಶೇ. 2, ಅಂದರೆ 6 ಮಂದಿ ಸಿಕ್ಕಿಬಿದ್ದಿದ್ದರೆ, ಉಳಿದ 39 ಮಂದಿಯೂ ಆ 150ರೊಳಗಿನವರೇ. ಅಲ್ಲಿಗೆ ಅವರ ಪಾಲಿನ ತಪ್ಪು ಶೇ. 26. 'ಶೇ. 10' ಎಂಬ ಸರಾಸರಿ ಯಾರ ಅನುಭವವೂ ಅಲ್ಲ.

ಇದು ಬರೀ ಕಾಗದದ ಭಯವಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟರು. ಸರಾಸರಿ ಶೇ. 61 ಪ್ರಬಂಧಗಳು ಯಂತ್ರದ್ದೆಂಬ ತೀರ್ಪು ಬಂತು. ಸೀಮಿತ ಪದಗಳಲ್ಲಿ, ಕಲಿತ ವಾಕ್ಯಗಳಲ್ಲಿ ಬರೆದದ್ದೇ ಕಾರಣ. ತುಳು, ಕೊಂಕಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಶಾಲೆಯ ಪಠ್ಯದಿಂದ ಕಲಿತ ಕನ್ನಡದಲ್ಲಿ ಬರೆದಾಗಲೂ ಅದೇ ಅಪಾಯವಿದೆ.

ಹಾಗಾದರೆ ದಾರಿ ಏನು? ಡಿಟೆಕ್ಟರ್ ಮಾಡುವವರು ನಾಲ್ಕೂ ಮನೆಗಳಿಗೆ ಕನ್ನಡದಲ್ಲೇ ಮಾದರಿ ಕೂಡಿಸಬೇಕು. ಅದರಲ್ಲೂ ಮನುಷ್ಯರೇ ಮಾಡಿದ ಅನುವಾದವನ್ನು ಹೆಚ್ಚಾಗಿ ಸೇರಿಸಬೇಕು, ಏಕೆಂದರೆ ಆ ಮನೆಯೇ ಅಡ್ಡದಾರಿಯನ್ನು ಮುಚ್ಚುವುದು. ಕೆಲವೇ ನೂರು ಬರಹಗಳಾದರೂ, ಎಲ್ಲಿಂದ ಬಂದವೆಂದು ಖಚಿತವಾಗಿ ಗೊತ್ತಿದ್ದರೆ, ಪರೀಕ್ಷೆಯ ಮಟ್ಟಿಗೆ ಅವು ಜಾಲದಿಂದ ಬಾಚಿದ ಲಕ್ಷಕ್ಕಿಂತ ಮೇಲು. ತೀರ್ಪಿನಲ್ಲಿ 'ಹೇಳಲಾಗದು' ಎಂಬ ಮೂರನೆಯ ಉತ್ತರಕ್ಕೂ ಜಾಗವಿರಬೇಕು.

ಬಳಸುವ ಅಧ್ಯಾಪಕರು, ಸಂಪಾದಕರು ಕೇಳಬೇಕಾದದ್ದು ಒಂದೇ ಪ್ರಶ್ನೆ: ಮನುಷ್ಯರು ಮಾಡಿದ ಅನುವಾದದ ಮೇಲೆ ಇದು ಎಷ್ಟು ಸಲ ತಪ್ಪುತ್ತದೆ? ಉತ್ತರವಿಲ್ಲದಿದ್ದರೆ ಪರದೆಯ ಮೇಲಿನ ಶೇಕಡಾವಾರಿಗೆ ಬೆಲೆಯಿಲ್ಲ. ಅನುಮಾನ ಬಂದಾಗ ಕರಡು ಕೇಳಿ, ಬರೆದವರನ್ನು ಎದುರು ಕೂರಿಸಿ ಪ್ರಬಂಧದ ಎರಡು ಪ್ಯಾರಾ ವಿವರಿಸಲು ಹೇಳಿ. ಇಂಗ್ಲಿಷಿನಿಂದ ಕಷ್ಟಪಟ್ಟು ತಂದವರಿಗೆ ಯಾವ ವಾಕ್ಯ ಎಲ್ಲಿ ಸಿಕ್ಕಿಕೊಂಡಿತ್ತು ಎಂಬುದು ನೆನಪಿರುತ್ತದೆ, ಮೂಲ ಯಾವುದೆಂದೂ ಹೇಳಬಲ್ಲರು. ಯಂತ್ರದಿಂದ ಬರೆಸಿದವರಿಗೆ ಆ ವಿವರ ಕೊಡುವುದು ಕಷ್ಟ. ಈ ಹತ್ತು ನಿಮಿಷದ ಮಾತುಕತೆ ಇಲ್ಲದೆ, ಬರೀ ಡಿಟೆಕ್ಟರ್ ಹೇಳಿತೆಂದು ಯಾರ ಅಂಕವನ್ನೂ ಕಡಿಯಬಾರದು.